‘ಯಸ್ಟರ್‌ಡೇ ನೈಟ್’ ಮತ್ತು ‘ಲಾಸ್ಟ್ ನೈಟ್’: ಕೆಲಸದ ವರದಿ ಮೇಲ್‌ಗಳಲ್ಲಿ ಹೊತ್ತು, ವಾರ ಬರೆಯುವ ಬಗೆ



ನಮ್ಮ ಮಕ್ಕಳಲ್ಲಿ ಹಲವರು ಈಗ ಹೊಸೂರು, ಬೆಂಗಳೂರು, ಪುಣೆ, ಹೈದರಾಬಾದಿನ ಕಂಪನಿಗಳಲ್ಲಿದ್ದಾರೆ. ದಿನದ ಕೆಲಸ ಮುಗಿದ ಮೇಲೆ ಏನಾಯಿತು, ಏನು ಉಳಿಯಿತು ಎಂದು ನಾಲ್ಕು ಸಾಲಿನ ಇಂಗ್ಲಿಷ್ ಮೇಲ್ ಕಳಿಸುವುದು ಅವರ ನಿತ್ಯದ ಪಾಠ. ಅದಕ್ಕೆ ಅವರು ಸ್ಟೇಟಸ್ ಮೇಲ್ ಎನ್ನುತ್ತಾರೆ. ಹೊಸೂರಿನ ನಮ್ಮ ಸದಸ್ಯರೊಬ್ಬರ ಮಗಳು ಇಂಥ ಒಂದು ಮೇಲ್ ಕಳಿಸಿ ಒಂದು ದಿನ ಪೂರ್ತಿ ಕಳೆದುಕೊಂಡಳು. ಅವಳ ತಂದೆ ಅದರ ಪ್ರತಿಯನ್ನು ನನಗೆ ತೋರಿಸಿ, "ನೀವು ಮೂವತ್ತು ವರ್ಷ ಕಚೇರಿ ಪತ್ರ ಬರೆದವರು, ಇದರಲ್ಲಿ ತಪ್ಪೇನು ಹೇಳಿ ಸ್ವಾಮಿ" ಎಂದರು. ಅವಳ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಅದನ್ನೇ ಇಲ್ಲಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇಂಗ್ಲಿಷ್ ಮಾತುಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಒಮ್ಮೆ ಬಾಯಿಬಿಟ್ಟು ಓದಿ ನೋಡಿ.

ಮೇಲ್ ಕಳಿಸಿದ್ದು 2025ರ ಮೇ 13, ಮಂಗಳವಾರ ಬೆಳಿಗ್ಗೆ. ಓದಬೇಕಾದವರು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದರು. ಅವಳ ತಂಡ ನೋಡಿಕೊಳ್ಳುವುದು ಗಿರಾಕಿಗಳ ಬಿಲ್ಲು ತಯಾರಿಸುವ ಒಂದು ಪ್ರೋಗ್ರಾಮನ್ನು. ಅದು ದಿನಾ ರಾತ್ರಿ ತಾನಾಗಿ ಓಡುತ್ತದೆ. ಆ ದಿನ ನಡುವೆ ನಿಂತುಹೋಗಿತ್ತು. ಅವಳು ಬರೆದದ್ದು ಇಷ್ಟು:

"ಯಸ್ಟರ್‌ಡೇ ನೈಟ್ 1.30 ದ ಜಾಬ್ ಫೇಲ್ಡ್. ವಿ ಹ್ಯಾವ್ ರೀಸ್ಟಾರ್ಟೆಡ್ ಇಟ್ ಟುಡೇ ಮಾರ್ನಿಂಗ್. ರಿಪೋರ್ಟ್ ವಿಲ್ ಬಿ ಸೆಂಟ್ ಆನ್ ಈವ್ನಿಂಗ್. ಪೆಂಡಿಂಗ್ ಫೈಲ್ಸ್ ವಿಲ್ ಕಂಪ್ಲೀಟ್ ಟಿಲ್ ಮಂಡೇ."

ನಾಲ್ಕು ವಾಕ್ಯಗಳಲ್ಲೂ ಹೊತ್ತು ಹೇಳುವ ಕಡೆಯೇ ಎಡವಿದೆ. ಆದರೆ ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. ಕೆಲವು ಕಿವಿಗೆ ಒರಟು, ಅಷ್ಟೇ. ಕೆಲವು ಓದುವವರನ್ನು ಬೇರೆ ದಿನಕ್ಕೇ ಕರೆದುಕೊಂಡು ಹೋಗುತ್ತವೆ.

ಮೊದಲು ‘ಯಸ್ಟರ್‌ಡೇ ನೈಟ್’ ನೋಡೋಣ. ನಾವು ‘ನಿನ್ನೆ ರಾತ್ರಿ’ ಎನ್ನುತ್ತೇವೆ. ತಾಳವಾಡಿಯ ಪೇಟೆಯಲ್ಲಿ ತಮಿಳಿನವರು ‘ನೇತ್ತು ರಾತ್ರಿ’ ಎನ್ನುತ್ತಾರೆ. ಆದೋನಿಯಲ್ಲಿ ತೆಲುಗಿನವರದು ‘ನಿನ್ನ ರಾತ್ರಿ’, ಸೊಲ್ಲಾಪುರದ ಮರಾಠಿಯಲ್ಲಿ ‘ಕಾಲ್ ರಾತ್ರೀ’, ಕಾಸರಗೋಡಿನಲ್ಲಿ ಮಲಯಾಳದವರದು ‘ಇನ್ನಲೆ ರಾತ್ರಿ’, ತುಳುವರದು ‘ಕೋಡೆ ರಾತ್ರೆ’. ಗಡಿಯ ಯಾವ ಕಡೆ ತಿರುಗಿದರೂ ಅಚ್ಚು ಒಂದೇ: ಮೊದಲು ದಿನ, ಆಮೇಲೆ ಹೊತ್ತು. ಅದನ್ನೇ ಇಂಗ್ಲಿಷಿಗೆ ಇಳಿಸಿದರೆ ‘ಯಸ್ಟರ್‌ಡೇ ನೈಟ್’ ಆಗುತ್ತದೆ. ಸುತ್ತಲಿನವರೆಲ್ಲ ಹಾಗೇ ಹೇಳುವುದರಿಂದ ತಿದ್ದುವವರು ಯಾರೂ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಕಳೆದ ರಾತ್ರಿಗೆ ರೂಢಿಯ ಮಾತು ‘ಲಾಸ್ಟ್ ನೈಟ್’. ಹಿಂದೆ ‘ಯಸ್ಟರ್‌ನೈಟ್’ ಎಂಬ ಒಂದೇ ಪದವೂ ಅವರಲ್ಲಿ ಇತ್ತು. ಈಗ ಅದು ಹಳೆಯ ಪುಸ್ತಕಗಳಲ್ಲಿ ಬಿಟ್ಟರೆ ಕಾಣುವುದಿಲ್ಲ.

ನಮ್ಮವರನ್ನು ಗೊಂದಲಕ್ಕೆ ಹಾಕುವುದು ಇಂಗ್ಲಿಷಿನ ಅರ್ಧ ನಿಯಮ. ‘ಯಸ್ಟರ್‌ಡೇ ಮಾರ್ನಿಂಗ್’ ಸರಿ. ‘ಯಸ್ಟರ್‌ಡೇ ಆಫ್ಟರ್‌ನೂನ್’, ‘ಯಸ್ಟರ್‌ಡೇ ಈವ್ನಿಂಗ್’ ಸರಿ. ರಾತ್ರಿಗೆ ಬಂದಾಗ ಮಾತ್ರ ‘ಲಾಸ್ಟ್’ ಬೇಕು. ಹಾಗೆಂದು ‘ಲಾಸ್ಟ್’ ಅನ್ನು ಹಿಂದಕ್ಕೆ ಎಳೆದು ‘ಲಾಸ್ಟ್ ಮಾರ್ನಿಂಗ್’ ಎಂದರೆ ಅದೂ ತಪ್ಪು. ನಾಳೆಯ ಕಡೆ ಈ ತೊಂದರೆಯೇ ಇಲ್ಲ: ‘ಟುಮಾರೋ ಮಾರ್ನಿಂಗ್’ನಿಂದ ‘ಟುಮಾರೋ ನೈಟ್’ವರೆಗೆ ಎಲ್ಲವೂ ನಮ್ಮ ಅಚ್ಚಿನಂತೆಯೇ ನಡೆಯುತ್ತವೆ. ಇವತ್ತಿನದೇ ಪೂರ್ತಿ ಬೇರೆ. ‘ಟುಡೇ ಮಾರ್ನಿಂಗ್’ ಎನ್ನುವ ಕಡೆ ‘ದಿಸ್ ಮಾರ್ನಿಂಗ್’, ಹಾಗೆಯೇ ‘ದಿಸ್ ಆಫ್ಟರ್‌ನೂನ್’, ‘ದಿಸ್ ಈವ್ನಿಂಗ್’. ಇವತ್ತು ರಾತ್ರಿಗೆ ‘ಟುನೈಟ್’. ‘ಟುಡೇ’ ಬರೆಯಲೇಬೇಕೆಂದಿದ್ದರೆ ಅದರ ಮುಂದೆ ಗಡಿಯಾರದ ಗಂಟೆ ಬರಲಿ: ‘ಟುಡೇ ಅಟ್ 10’ ಎಂದರೆ ಯಾರೂ ತಕರಾರು ಮಾಡುವುದಿಲ್ಲ. ಈ ಒಂದು ಪ್ಯಾರಾವನ್ನು ಮಕ್ಕಳು ಕಾಗದದ ಚೂರಿನಲ್ಲಿ ಬರೆದಿಟ್ಟುಕೊಂಡರೆ ಕಿವಿಗೆ ಒರಟಾಗುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹೋಗುತ್ತದೆ.

ಆದರೆ ಆ ಹುಡುಗಿ ಒಂದು ದಿನ ಕಳೆದುಕೊಂಡದ್ದು ‘ಯಸ್ಟರ್‌ಡೇ ನೈಟ್’ ಎಂಬ ಒರಟುತನದಿಂದಲ್ಲ. ಅದರ ಪಕ್ಕದಲ್ಲಿದ್ದ 1.30ರಿಂದ.

ನಮ್ಮ ಲೆಕ್ಕದಲ್ಲಿ ರಾತ್ರಿ ಎಂದರೆ ಕತ್ತಲಾದ ಮೇಲಿಂದ ಬೆಳಗಿನ ಜಾವದವರೆಗೆ ಒಂದೇ ತುಂಡು. ಸೋಮವಾರ ಸಂಜೆ ಹೊತ್ತಿಸಿದ ದೀಪದ ರಾತ್ರಿ ಮಂಗಳವಾರ ಕೋಳಿ ಕೂಗುವವರೆಗೂ ಸೋಮವಾರದ ರಾತ್ರಿಯೇ. ಆದ್ದರಿಂದ ಮಂಗಳವಾರ ಬೆಳಿಗ್ಗೆ ಎದ್ದು ‘ನಿನ್ನೆ ರಾತ್ರಿ ಒಂದೂವರೆಗೆ ಕರೆಂಟು ಹೋಯಿತು’ ಎಂದರೆ ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಗಡಿಯಾರದ ಲೆಕ್ಕ ಹಾಗಲ್ಲ. 12 ದಾಟಿದ ಕೂಡಲೇ ತಾರೀಖು ಬದಲಾಗುತ್ತದೆ. ಇಂಗ್ಲಿಷಿನವರು ಆ ಒಂದೂವರೆಗೆ ‘ಒನ್ ಥರ್ಟಿ ಇನ್ ದ ಮಾರ್ನಿಂಗ್’ ಎನ್ನುತ್ತಾರೆ. ನಮ್ಮ ಕಿವಿಗೆ ಇದು ವಿಚಿತ್ರ, ಹಾಲಿನವನೂ ಬಾರದ ಹೊತ್ತಿಗೆ ಅದೆಂಥ ಮಾರ್ನಿಂಗು? ಆದರೆ ಅವರ ರೂಢಿ ಅದು.

ನ್ಯೂಜೆರ್ಸಿಯವರು ‘ಯಸ್ಟರ್‌ಡೇ’ ಎಂದದ್ದನ್ನು ನೋಡಿ ಸೋಮವಾರ, ಮೇ 12 ಎಂದು ಹಿಡಿದರು. 1.30 ಎಂದಿರುವುದರಿಂದ ಮೇ 12ರ ನಸುಕಿನ 1.30ರ ದಾಖಲೆ ತೆರೆದರು. ಅಲ್ಲಿ ಎಲ್ಲವೂ ನೆಟ್ಟಗಿತ್ತು. ‘ನೀವು ಹೇಳಿದ ಹೊತ್ತಿನಲ್ಲಿ ಯಾವ ತೊಂದರೆಯೂ ಕಾಣಲಿಲ್ಲ’ ಎಂದು ಉತ್ತರ ಬರೆದು ವಿಷಯ ಮುಗಿಸಿದರು. ಪ್ರೋಗ್ರಾಮ್ ನಿಂತದ್ದು ಮೇ 13ರ ನಸುಕಿನ 1.30ಕ್ಕೆ. ನೋಡಿದ್ದು ಸರಿಯಾಗಿ 24 ಗಂಟೆ ಹಿಂದಿನದನ್ನು.

ಇನ್ನೂ ಒಂದು ಸಿಕ್ಕು ಇದೆ. ನಮ್ಮ ಗಡಿಯಾರ ಅಂತರರಾಷ್ಟ್ರೀಯ ಸಮಯಕ್ಕಿಂತ, ಅಂದರೆ ಯು.ಟಿ.ಸಿ.ಗಿಂತ, 5 ಗಂಟೆ 30 ನಿಮಿಷ ಮುಂದೆ. ನಮ್ಮಲ್ಲಿ ಮಂಗಳವಾರ ನಸುಕಿನ 1.30 ಆದಾಗ ಯು.ಟಿ.ಸಿ.ಯಲ್ಲಿ ಸೋಮವಾರ ರಾತ್ರಿ 8. ಮೇ ತಿಂಗಳಲ್ಲಿ ನ್ಯೂಜೆರ್ಸಿ ಯು.ಟಿ.ಸಿ.ಗಿಂತ 4 ಗಂಟೆ ಹಿಂದೆ ಇರುತ್ತದೆ, ಹಾಗಾಗಿ ಅಲ್ಲಿ ಸೋಮವಾರ ಸಂಜೆ 4. ಓದುವವರ ಪಾಲಿಗೆ ಅದು ರಾತ್ರಿಯೂ ಅಲ್ಲ, ಬೆಳಿಗ್ಗೆಯೂ ಅಲ್ಲ, ಅವರು ಕಚೇರಿಯಲ್ಲಿ ಕುಳಿತಿದ್ದ ಹೊತ್ತು! ಹಾಗಿದ್ದಾಗ ‘ಯಸ್ಟರ್‌ಡೇ ನೈಟ್’ ಅನ್ನು ತೆಗೆದು ‘ಲಾಸ್ಟ್ ನೈಟ್’ ಎಂದು ಬರೆದಿದ್ದರೂ ಕೆಲಸ ಕೆಡುತ್ತಿತ್ತು, ವ್ಯಾಕರಣ ಮಾತ್ರ ಸರಿಯಾಗುತ್ತಿತ್ತು. ‘ಲಾಸ್ಟ್ ನೈಟ್’ ಒಂದೇ ಊರಿನಲ್ಲಿ, ಒಂದೇ ಗಡಿಯಾರದ ಕೆಳಗೆ ಇರುವವರ ಮಾತು. ಗಂಟೆ ಮುಖ್ಯವಾದ ಕಡೆ, ಅದರಲ್ಲೂ ನಡುರಾತ್ರಿಯ ಆಚೆ ಈಚೆ, ವಾರ, ತಾರೀಖು, ಎ.ಎಂ. ಅಥವಾ ಪಿ.ಎಂ., ಯಾವ ದೇಶದ ಗಂಟೆ ಎಂಬುದು ನಾಲ್ಕೂ ಬರಬೇಕು. ವಾರವೂ ತಾರೀಖೂ ಎರಡೂ ಏಕೆ ಎಂದರೆ, ಒಂದರಲ್ಲಿ ಕೈತಪ್ಪಾದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ನಮ್ಮ ಗಂಟೆಗೆ ‘ಐ.ಎಸ್.ಟಿ.’ ಎಂದು ಬರೆಯುವುದು ವಾಡಿಕೆ. ಐರ್ಲೆಂಡ್, ಇಸ್ರೇಲ್ ದೇಶದವರಿಗೂ ತಮ್ಮದೇ ಐ.ಎಸ್.ಟಿ. ಇದೆ. ಅಲ್ಲಿಯವರ ಜೊತೆ ವ್ಯವಹಾರವಿದ್ದರೆ ‘ಇಂಡಿಯಾ ಟೈಮ್’ ಎಂದು ಬಿಡಿಸಿ ಬರೆಯಿರಿ.

ಸರ್ಕಾರಿ ಕಚೇರಿಯಲ್ಲಿ ನಮಗೆ ಇದರ ಪಾಠ ಬೇರೆ ರೀತಿಯಲ್ಲಿ ಆಗಿತ್ತು. ಒಬ್ಬ ನೌಕರ ಕೆಲಸಕ್ಕೆ ಹಾಜರಾದ, ಬಿಡುಗಡೆಯಾದ ವರದಿಯಲ್ಲಿ ತಾರೀಖಿನ ಮುಂದೆ ಎಫ್.ಎನ್. ಅಥವಾ ಎ.ಎನ್., ಅಂದರೆ ಪೂರ್ವಾಹ್ನ ಅಥವಾ ಅಪರಾಹ್ನ, ಎಂದು ಬರೆಯಲೇಬೇಕು. ಆ ಎರಡು ಅಕ್ಷರ ಬಿಟ್ಟರೆ ಅರ್ಧ ದಿನದ ಸಂಬಳದ ಪ್ರಶ್ನೆ ಬಂದು ಕಡತ ವಾಪಸ್ಸು ಬರುತ್ತಿತ್ತು. ಕಡತದಲ್ಲಿ ‘ನಿನ್ನೆ’ ಎಂದು ಬರೆದವನನ್ನು ಮೇಲಿನವರು ಕರೆದು ಕೇಳುತ್ತಿದ್ದರು, "ಯಾವ ನಿನ್ನೆ? ಈ ಕಡತವನ್ನು ನಾನು ಮುಂದಿನ ವರ್ಷ ತೆಗೆದರೆ?"

ಈಗ ಎರಡನೆಯ ವಾಕ್ಯ. ‘ವಿ ಹ್ಯಾವ್ ರೀಸ್ಟಾರ್ಟೆಡ್ ಇಟ್ ಟುಡೇ ಮಾರ್ನಿಂಗ್.’ ‘ದಿಸ್ ಮಾರ್ನಿಂಗ್’ ಎಂದು ತಿದ್ದುವುದು ಆಯಿತು. ‘ಹ್ಯಾವ್’ ಬಗ್ಗೆ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ‘ನಿನ್ನೆ ಕಳಿಸಿದೆ’ ಎಂದರೂ ನಡೆಯುತ್ತದೆ, ‘ನಿನ್ನೆ ಕಳಿಸಿದ್ದೇನೆ’ ಎಂದರೂ ನಡೆಯುತ್ತದೆ. ಎರಡನೆಯದೇ ಹೆಚ್ಚು ಗಟ್ಟಿ ಎನಿಸುತ್ತದೆ, ಕಳಿಸಿದ ಕೆಲಸಕ್ಕೆ ನಾನು ಜವಾಬ್ದಾರ ಎಂಬ ಧ್ವನಿ ಅದರಲ್ಲಿದೆ. ಆದ್ದರಿಂದಲೇ ನಮ್ಮವರ ಕೈ ‘ಐ ಹ್ಯಾವ್ ಸೆಂಟ್ ಇಟ್ ಯಸ್ಟರ್‌ಡೇ’ ಎಂದು ಬರೆಯುತ್ತದೆ. ಇಂಗ್ಲಿಷಿನಲ್ಲಿ ಮುಗಿದುಹೋದ ಹೊತ್ತನ್ನು ಹೆಸರಿಸಿದ ಮೇಲೆ ‘ಹ್ಯಾವ್’ ನಿಲ್ಲುವುದಿಲ್ಲ. ‘ಐ ಸೆಂಟ್ ಇಟ್ ಯಸ್ಟರ್‌ಡೇ’ ಎನ್ನಬೇಕು, ಇಲ್ಲವೇ ಹೊತ್ತನ್ನು ಬಿಟ್ಟು ‘ಐ ಹ್ಯಾವ್ ಸೆಂಟ್ ಇಟ್’ ಎನ್ನಬೇಕು. ‘ದಿಸ್ ಮಾರ್ನಿಂಗ್’ ವಿಷಯದಲ್ಲಿ ಇನ್ನೂ ಬೆಳಿಗ್ಗೆಯೇ ಇದ್ದರೆ ‘ಹ್ಯಾವ್’ ಸಲ್ಲುತ್ತದೆ, ಮಧ್ಯಾಹ್ನ ದಾಟಿದ ಮೇಲೆ ಬೇಡ. ಯಾವಾಗ ಬರೆದರೂ ‘ವಿ ರೀಸ್ಟಾರ್ಟೆಡ್ ಇಟ್ ದಿಸ್ ಮಾರ್ನಿಂಗ್’ ತಪ್ಪಾಗುವುದಿಲ್ಲ, ಹಾಗಾಗಿ ಅದನ್ನೇ ಅಭ್ಯಾಸ ಮಾಡಿಕೊಳ್ಳುವುದು ಸುಲಭ.

ಮೂರನೆಯ ವಾಕ್ಯದಲ್ಲಿ ‘ಆನ್ ಈವ್ನಿಂಗ್’ ಎಂದಿದೆ. ಕನ್ನಡದಲ್ಲಿ ಸಂಜೆ, ರಾತ್ರಿ, ಸೋಮವಾರ ಇವಕ್ಕೆ ಯಾವ ಪ್ರತ್ಯಯವನ್ನೂ ಹಚ್ಚದೆ ‘ಸಂಜೆ ಕಳಿಸುತ್ತೇನೆ’, ‘ಸೋಮವಾರ ಬರುತ್ತೇನೆ’ ಎನ್ನುತ್ತೇವೆ. ಇಂಗ್ಲಿಷಿಗೆ ಹೋದಾಗ ಏನೋ ಒಂದು ಹಚ್ಚಬೇಕು ಎಂದು ಗೊತ್ತಿರುತ್ತದೆ, ಯಾವುದು ಎಂದು ಗೊತ್ತಿರುವುದಿಲ್ಲ. ಹೊತ್ತಿನ ಹೆಸರು ಒಂಟಿಯಾಗಿ ಬಂದರೆ ‘ಇನ್ ದ ಮಾರ್ನಿಂಗ್’, ‘ಇನ್ ದ ಆಫ್ಟರ್‌ನೂನ್’, ‘ಇನ್ ದ ಈವ್ನಿಂಗ್’. ರಾತ್ರಿಗೆ ಸಾಮಾನ್ಯವಾಗಿ ‘ಅಟ್ ನೈಟ್’. ‘ಇನ್ ದ ನೈಟ್’ ಎಂಬುದೂ ಉಂಟು, ಆದರೆ ಅದು ‘ನಿದ್ದೆಯ ನಡುವೆ, ಆ ರಾತ್ರಿಯಲ್ಲಿ’ ಎಂಬ ಅರ್ಥದ್ದು. ವಾರದ ಹೆಸರೋ ತಾರೀಖೋ ಜೊತೆಗೆ ಸೇರಿದ ಕೂಡಲೇ ಅದೇ ಯಜಮಾನ, ‘ಆನ್’ ಬರುತ್ತದೆ: ‘ಆನ್ ಮಂಡೇ’, ‘ಆನ್ ಮಂಡೇ ಈವ್ನಿಂಗ್’, ‘ಆನ್ ದ ಈವ್ನಿಂಗ್ ಆಫ್ 12 ಮೇ’. ಇನ್ನು ‘ದಿಸ್’, ‘ಲಾಸ್ಟ್’, ‘ನೆಕ್ಸ್ಟ್’, ‘ಎವ್ರಿ’, ‘ಯಸ್ಟರ್‌ಡೇ’, ‘ಟುಮಾರೋ’ ಮುಂದೆ ನಿಂತರೆ ಏನೂ ಹಚ್ಚಬೇಕಿಲ್ಲ. ‘ಆನ್ ಲಾಸ್ಟ್ ಮಂಡೇ’, ‘ಇನ್ ದಿಸ್ ವೀಕ್’, ‘ಆನ್ ಟುಮಾರೋ’ ಎಂಬವು ನಮ್ಮ ಮೇಲ್‌ಗಳಲ್ಲಿ ದಿನಾ ಕಾಣುವ ಹೆಚ್ಚುವರಿ ಸಾಮಾನು. ಅಮೆರಿಕದವರು ‘ವಿಲ್ ಸೆಂಡ್ ಇಟ್ ಮಂಡೇ’ ಎಂದು ‘ಆನ್’ ಬಿಟ್ಟು ಬರೆಯುವುದುಂಟು. ಅದನ್ನು ನೋಡಿ ತಬ್ಬಿಬ್ಬಾಗಬೇಡಿ, ಇಟ್ಟರೂ ತಪ್ಪಿಲ್ಲ.

ಹಾಗಾದರೆ ‘ರಿಪೋರ್ಟ್ ವಿಲ್ ಬಿ ಸೆಂಟ್ ಇನ್ ದ ಈವ್ನಿಂಗ್’ ಎಂದು ಬರೆದರೆ ಸಾಕೇ? ವಾಕ್ಯ ಸರಿಯಾಗಿದೆ. ಯಾವ ದಿನದ ಸಂಜೆ ಎಂದು ಮಾತ್ರ ಅದು ಹೇಳುವುದಿಲ್ಲ, ಓದುವವರು ಊಹಿಸಬೇಕು. ‘ದಿಸ್ ಈವ್ನಿಂಗ್’ ಎಂದರೆ ಇವತ್ತಿನದು ಎಂದು ಖಚಿತ. ಗಂಟೆಯನ್ನೂ ಹಾಕಿದರೆ ಇನ್ನೂ ಒಳ್ಳೆಯದು, ಏಕೆಂದರೆ ಸಂಜೆಯ ಗಡಿಯೇ ಎರಡು ಭಾಷೆಗಳಲ್ಲಿ ಬೇರೆ. ನಮಗೆ 8 ಗಂಟೆ ಎಂದರೆ ರಾತ್ರಿ, ಊಟದ ಹೊತ್ತು. ಇಂಗ್ಲಿಷಿನವರಿಗೆ ಅದು ‘ಎಯ್ಟ್ ಇನ್ ದ ಈವ್ನಿಂಗ್’. ಆ ಹೊತ್ತಿಗೆ ಯಾರನ್ನಾದರೂ ಭೇಟಿಯಾದಾಗ ‘ಗುಡ್ ಈವ್ನಿಂಗ್’ ಎನ್ನಬೇಕು. ‘ಗುಡ್ ನೈಟ್’ ಹೊರಡುವಾಗಿನ ಮಾತು, ಬಂದ ಕೂಡಲೇ ಹೇಳಿದರೆ ಬೀಳ್ಕೊಟ್ಟ ಹಾಗೆ.

ನಾಲ್ಕನೆಯ ವಾಕ್ಯವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ್ದು. ‘ಟಿಲ್ ಮಂಡೇ.’ ಕನ್ನಡದಲ್ಲಿ ನಮಗೆ ಮೂರು ಸ್ಪಷ್ಟ ರೂಪಗಳಿವೆ. ‘ಸೋಮವಾರ ಮುಗಿಸುತ್ತೇನೆ’ ಎಂದರೆ ಅದೇ ದಿನ. ‘ಸೋಮವಾರದೊಳಗೆ ಮುಗಿಸುತ್ತೇನೆ’ ಎಂದರೆ ಅದು ಕೊನೆಯ ಗಡುವು, ಮೊದಲೇ ಆದರೂ ಆಗಬಹುದು. ‘ಸೋಮವಾರದವರೆಗೆ ಮಾಡುತ್ತೇನೆ’ ಎಂದರೆ ಅಲ್ಲಿಯತನಕ ಕೆಲಸ ನಡೆಯುತ್ತಲೇ ಇರುತ್ತದೆ. ಇಂಗ್ಲಿಷಿನಲ್ಲಿ ಇವು ಕ್ರಮವಾಗಿ ‘ಆನ್ ಮಂಡೇ’, ‘ಬೈ ಮಂಡೇ’, ‘ಟಿಲ್ ಮಂಡೇ’. ಮುಗಿಯುವ ಕೆಲಸಕ್ಕೆ ‘ಟಿಲ್’ ಹೊಂದುವುದಿಲ್ಲ. ಮುಗಿಸುವುದು ಒಂದು ಕ್ಷಣದ ಕೆಲಸ, ಅದು ಸೋಮವಾರದವರೆಗೆ ಎಳೆಯುತ್ತಾ ಇರಲಾರದು. ಆ ಹುಡುಗಿಯ ಮನಸ್ಸಿನಲ್ಲಿದ್ದದ್ದು ‘ಸೋಮವಾರದೊಳಗೆ’. ಓದಿದವರು ‘ಫೈಲುಗಳ ಕೆಲಸ ಸೋಮವಾರದವರೆಗೆ ನಡೆಯುತ್ತದೆ, ಆಮೇಲೆ ಏನೋ’ ಎಂದು ಅರ್ಥ ಮಾಡಿಕೊಂಡು ತಮ್ಮ ಕಡೆಯ ಕೆಲಸವನ್ನು ಬುಧವಾರಕ್ಕೆ ಹಾಕಿಕೊಂಡರು. ನೀವು ಬರೆಯುವಾಗ ಅನುಮಾನ ಬಂದರೆ ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿ ನೋಡಿ. ‘ಒಳಗೆ’ ಬಂದರೆ ‘ಬೈ’, ‘ವರೆಗೆ’ ಬಂದರೆ ‘ಟಿಲ್’.

ಅದೂ ಅಲ್ಲದೆ, ಯಾವ ಸೋಮವಾರ? ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಮಕ್ಕಳಲ್ಲಿ ಅನೇಕರು ತಮಿಳು, ಮರಾಠಿ, ತೆಲುಗು ಅಥವಾ ಮಲಯಾಳ ಮಾಧ್ಯಮದಲ್ಲಿ ಓದಿದವರು. ಅವರಿಗೆ ಕನ್ನಡ ಅಕ್ಷರ ಓದಲು ತಡವಾಗುತ್ತದೆಂದು ನಾನು ಸಭೆಯ ಸೂಚನೆಯನ್ನು ಇಂಗ್ಲಿಷಿನಲ್ಲೂ ಕಳಿಸುತ್ತೇನೆ. ಒಮ್ಮೆ ಬುಧವಾರ ಕಳಿಸಿದ ಸೂಚನೆಯಲ್ಲಿ ‘ಬರುವ ಭಾನುವಾರ’ ಎಂಬುದನ್ನು ‘ನೆಕ್ಸ್ಟ್ ಸಂಡೇ’ ಎಂದು ಬರೆದುಬಿಟ್ಟೆ. ಕನ್ನಡ ಓದಿದವರು ನಾಲ್ಕು ದಿನದಲ್ಲಿ ಬಂದರು. ಇಂಗ್ಲಿಷ್ ಮಾತ್ರ ಓದಿದ ಎರಡು ಮನೆಯವರು ಅದರ ಮುಂದಿನ ವಾರ ಮಕ್ಕಳಿಗೆ ರೇಷ್ಮೆ ಬಟ್ಟೆ ತೊಡಿಸಿಕೊಂಡು ಬಂದು ಬಾಗಿಲಿನ ಬೀಗ ನೋಡಿ ಹಿಂದಿರುಗಿದರು. ಇಂಗ್ಲಿಷ್ ಮಾತೃಭಾಷೆಯವರಲ್ಲೇ ‘ನೆಕ್ಸ್ಟ್ ಸಂಡೇ’ ಎಂದರೆ ಕೆಲವರಿಗೆ ಮೊದಲು ಬರುವುದು, ಕೆಲವರಿಗೆ ಅದರ ಆಚೆಯದು. ಹೀಗಿರುವಾಗ ಅದನ್ನು ಬರೆಯದಿರುವುದೇ ಲೇಸು. ‘ಆನ್ ಸಂಡೇ’ ಎಂದು ಬರೆದು ಪಕ್ಕದಲ್ಲಿ ತಾರೀಖು ಹಾಕಿದರೆ ಜಗಳವೇ ಇಲ್ಲ. ‘ಲಾಸ್ಟ್ ಮಂಡೇ’ಗೂ ಇದೇ ಮಾತು. ‘ಆನ್ ಮಂಡೇ’ ಎಂಬುದು ಕಳೆದದ್ದೋ ಬರುವುದೋ ಎಂಬುದನ್ನು ವಾಕ್ಯದ ಕ್ರಿಯಾಪದವೇ ಹೇಳುತ್ತದೆ, ‘ಸೆಂಟ್’ ಎಂದರೆ ಹಿಂದಿನದು, ‘ವಿಲ್ ಸೆಂಡ್’ ಎಂದರೆ ಮುಂದಿನದು.

ಇಷ್ಟೆಲ್ಲ ಕೂತು ಮಾತಾಡಿದ ಮೇಲೆ ನಾವಿಬ್ಬರೂ ಸೇರಿ ಅದೇ ಮೇಲ್ ಅನ್ನು ಮತ್ತೆ ಬರೆದೆವು:

"ದ ಜಾಬ್ ಫೇಲ್ಡ್ ಅಟ್ 1.30 ಎ.ಎಂ. ಇಂಡಿಯಾ ಟೈಮ್ ಆನ್ ಟ್ಯೂಸ್‌ಡೇ, 13 ಮೇ (4 ಪಿ.ಎಂ. ಆನ್ ಮಂಡೇ, 12 ಮೇ, ಯುವರ್ ಟೈಮ್). ವಿ ರೀಸ್ಟಾರ್ಟೆಡ್ ಇಟ್ ದಿಸ್ ಮಾರ್ನಿಂಗ್ ಅಟ್ 7.15. ವಿ ವಿಲ್ ಸೆಂಡ್ ದ ರಿಪೋರ್ಟ್ ದಿಸ್ ಈವ್ನಿಂಗ್ ಬೈ 6.30 ಇಂಡಿಯಾ ಟೈಮ್. ದ ಪೆಂಡಿಂಗ್ ಫೈಲ್ಸ್ ವಿಲ್ ಬಿ ಕಂಪ್ಲೀಟೆಡ್ ಬೈ ಮಂಡೇ, 19 ಮೇ."

ಹಳೆಯದಕ್ಕಿಂತ ಎರಡು ಸಾಲು ಉದ್ದ. ‘ದಿಸ್ ಮಾರ್ನಿಂಗ್’ ಅನ್ನು ಹಾಗೇ ಉಳಿಸಿದ್ದೇವೆ, ಏಕೆಂದರೆ ಮತ್ತೆ ಓಡಿಸಿದ ಹೊತ್ತನ್ನು ಯಾರೂ ದಾಖಲೆಯಲ್ಲಿ ಹುಡುಕಬೇಕಿಲ್ಲ. ಒಂದೇ ಕೋಣೆಯಲ್ಲಿ ಕೂರುವ ಸಹೋದ್ಯೋಗಿಗೆ ಬರೆಯುವುದಾದರೆ ‘ದ ಜಾಬ್ ಫೇಲ್ಡ್ ಲಾಸ್ಟ್ ನೈಟ್’ ಎಂದರೂ ಸಾಕು. ಆ ಕೋಣೆಯಲ್ಲಿ ‘ಯಸ್ಟರ್‌ಡೇ ನೈಟ್’ ಎಂದವರನ್ನು ನಡುವೆ ತಡೆದು ತಿದ್ದುವವರೂ ಇದ್ದಾರೆ. ಅದು ಬೇಡ, ಅಲ್ಲಿ ಎಲ್ಲರಿಗೂ ಅರ್ಥವಾಗಿರುತ್ತದೆ.

ಗಡುವಿಗೆ ‘ಮಂಡೇ ಮಿಡ್‌ನೈಟ್’ ಎಂದು ಬರೆಯುವುದನ್ನೂ ಬಿಡಿ. ಸೋಮವಾರ ಶುರುವಾಗುವ 12ಓ ಮುಗಿಯುವ 12ಓ ಎಂದು ಯಾರೂ ಹೇಳಲಾರರು. ‘11.59 ಪಿ.ಎಂ. ಆನ್ ಮಂಡೇ’ ಎಂದರೆ ಒಂದು ನಿಮಿಷದಲ್ಲಿ ಅನುಮಾನ ಕಳೆಯಿತು.

ರಜೆ ಹಾಕುವಾಗಿನ ಮೇಲ್‌ನದೂ ಇದೇ ಜಾತಿಯ ತೊಡಕು. ‘ಬುಧವಾರದವರೆಗೆ ರಜೆ’ ಎಂದರೆ ನಮ್ಮಲ್ಲಿ ಬುಧವಾರವೂ ರಜೆಯೇ. ‘ಆನ್ ಲೀವ್ ಟಿಲ್ ವೆನ್ಸ್‌ಡೇ’ ಎಂದು ಓದಿದ ಹೊರಗಿನವರಲ್ಲಿ ಕೆಲವರು ಬುಧವಾರ ಬೆಳಿಗ್ಗೆಯೇ ಫೋನು ಮಾಡುತ್ತಾರೆ. ರಜೆ ಎಂದು ಮುಗಿಯುತ್ತದೆ ಎಂಬುದಕ್ಕಿಂತ ಎಂದು ಮರಳುತ್ತೀರಿ ಎಂಬುದನ್ನು ಬರೆಯಿರಿ: ‘ಐ ವಿಲ್ ಬಿ ಬ್ಯಾಕ್ ಅಟ್ ವರ್ಕ್ ಆನ್ ಥರ್ಸ್‌ಡೇ, 22 ಮೇ.’